ಕೋಳಿಯಕ್ಕನ ಮಂಗಳವಾರ

ಕೋಳಿಯಕ್ಕನ ಮುತ್ತಜ್ಜ ಹೊಳೆ ದಾಟಿಸುವ ದೋಣಿಯವ. ಹೊಳೆ ಉಕ್ಕಿ ದಂಡೆಯ ಮನೆಗಳೊಳಗೆ ನುಗ್ಗಿದ ವರ್ಷ ಅವನು ಮೂರು ದಿನ ಹುಟ್ಟು ಕೆಳಗಿಡದೆ, ರೆಪ್ಪೆಗೆ ರೆಪ್ಪೆ ಹಚ್ಚದೆ, ಇಡೀ ಕೇರಿಯನ್ನು ಆಚೆ ದಡಕ್ಕೆ ಸಾಗಿಸಿದ. ಕೊನೆಯ ಸುತ್ತಿನಲ್ಲಿ ಒಂದು ಮೇಕೆಯನ್ನೂ ಅದರ ಒಡತಿಯನ್ನೂ ಇಳಿಸಿ ಕೂತಲ್ಲೇ ನಿದ್ದೆಹೋದನಂತೆ. ಹುಟ್ಟನ್ನು ಅವನ ಮುಷ್ಟಿಯಿಂದ ಬಿಡಿಸಲು ಇಬ್ಬರು ಗಂಡಾಳು ಬೇಕಾದರು ಎಂದು ಹೇಳುತ್ತಾರೆ. ಮೇಕೆಯ ಒಡತಿಯೇ ಮುಂದೆ ಕೋಳಿಯಕ್ಕನ ಮುತ್ತಜ್ಜಿಯಾದಳು. ಮೇಕೆಯ ಕಥೆ ಏನಾಯಿತೋ ಯಾರೂ ಹೇಳುವುದಿಲ್ಲ.

ಅಜ್ಜ ನೂಲಿನ ಗಿರಣಿಯಲ್ಲಿ ಬೆಳಗಿನ ಸೈರನ್ ಊದುವ ಕೆಲಸದವ. ಮೂವತ್ತೊಂದು ವರ್ಷದಲ್ಲಿ ಆ ಸೈರನ್ ಒಂದೇ ಒಂದು ದಿನ ತಡವಾಗಲಿಲ್ಲ. ತನ್ನ ಮದುವೆಯ ದಿನವೂ ಮೊದಲು ಗಿರಣಿಗೆ ಹೋಗಿ ಸೈರನ್ ಊದಿ, ಆಮೇಲೆ ಬಂದು ಮದುಮಗನ ಅಂಗಿ ತೊಟ್ಟ. ಅಪ್ಪ ಪತ್ರಿಕೆಯ ಕಟ್ಟುಗಳನ್ನು ವ್ಯಾನಿನಲ್ಲಿ ಹೊತ್ತು ಹನ್ನೆರಡು ಊರಿಗೆ ಮುಟ್ಟಿಸುತ್ತಿದ್ದ. ಊರು ಚಹಾ ಕುಡಿಯುವ ಹೊತ್ತಿಗೆ ಸುದ್ದಿ ಬಾಗಿಲಲ್ಲಿ ಬಿದ್ದಿರಬೇಕು, ಅಷ್ಟೇ ಅವನ ವ್ರತ. ಇಂಥ ಮನೆಯಲ್ಲಿ ಹುಟ್ಟಿದವಳಿಗೆ ಅವಳ ತಾಯಿ ಹೇಳುತ್ತಿದ್ದ ಮಾತು ಇದು: "ನಮ್ಮ ಮನೇಲಿ ನಿದ್ದೆ ಅನ್ನೋದು ನೆಂಟರ ಹಾಗೆ ಕಣೇ. ಬಂದ್ರೆ ಚಾಪೆ ಹಾಸ್ತೀವಿ, ಬರ್ಲಿಲ್ಲ ಅಂದ್ರೆ ಕರೆಯೋಕೆ ಹೋಗಲ್ಲ."

ಇಷ್ಟು ಹೇಳಿದ ಮೇಲೆ ಕೋಳಿಯಕ್ಕನಿಗೆ ಆ ಹೆಸರು ಹೇಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಅವಳು ನಮ್ಮ ಬಸ್ ಡಿಪೋದ ಚಾಲಕಿ. ಹನ್ನೊಂದು ವರ್ಷದಿಂದ ಮೊದಲ ಬಸ್ಸು ಅವಳದು. ಬೆಳಿಗ್ಗೆ ನಾಲ್ಕೂ ಐವತ್ತಕ್ಕೆ ಗೇಟು ದಾಟುವ ಬಸ್ಸು. ಮೂರೂ ಮುಕ್ಕಾಲಿಗೆ ಎದ್ದು, ನಾಲ್ಕೂ ಇಪ್ಪತ್ತಕ್ಕೆ ಡಿಪೋಗೆ ಬಂದು, ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿ ಹತ್ತುತ್ತಾಳೆ. ನಾನು ಇಪ್ಪತ್ತಾರು ವರ್ಷ ಆ ಡಿಪೋದಲ್ಲಿ ಟೈರು ಬಿಚ್ಚಿ ಹಾಕಿದವನು. ಒದೆಯ ಸದ್ದು ಕೇಳಿಯೇ ಗಾಳಿ ಎಷ್ಟಿದೆ ಎಂದು ತಿಳಿಯುವ ಚಾಲಕರು ನಾನು ಕಂಡಂತೆ ಮೂವರು. ಅವರಲ್ಲಿ ಇವಳೊಬ್ಬಳು.

ಆ ಬಸ್ಸಿನಲ್ಲಿ ಬರುವವರೂ ಒಂದು ಥರದ ಮನೆಮಂದಿ. ಆಸ್ಪತ್ರೆಯ ನೆಲ ಒರೆಸುವ ಹೆಂಗಸರು, ಬೇಕರಿಯ ಒಲೆ ಹೊತ್ತಿಸುವ ದಪ್ಪ ಮನುಷ್ಯ, ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೋಗುವ ನಿವೃತ್ತ ಮಾಸ್ತರರು. ಯಾರಾದರೂ ನಿಲ್ದಾಣದಲ್ಲಿ ಕಾಣದಿದ್ದರೆ ಕೋಳಿಯಕ್ಕ ಅರ್ಧ ನಿಮಿಷ ನಿಲ್ಲಿಸಿ ಹಾರ್ನ್ ಹೊಡೆಯುತ್ತಾಳೆ. ಓಡಿಬಂದು ಹತ್ತಿದವರಿಗೆ ಬೈಗುಳವೂ ಉಂಟು. "ಏನ್ರೀ ಮಾಸ್ತರೇ, ಹಾಜರಿ ಹಾಕೋಕೆ ನಿಮ್ಮ ಮನೆಗೇ ಬರಬೇಕಾ?" ಮೊದಲ ಬಸ್ಸನ್ನು ಬೇರೆಯವರಿಗೆ ಕೊಡುವುದೆಂದರೆ ಅವಳಿಗೆ ಮನೆಯ ಬೀಗದ ಕೈಯನ್ನು ಪಕ್ಕದವರಿಗೆ ಕೊಟ್ಟ ಹಾಗೆ.

ಆ ಬೀಗದ ಕೈಗೇ ಕುತ್ತು ಬಂತು. ಬೇರೆ ಯಾವುದೋ ಡಿಪೋದಲ್ಲಿ ಬೆಳಗಿನ ಪಾಳಿಯವನೊಬ್ಬ ತೂಕಡಿಸಿ ಬಸ್ಸನ್ನು ಹೂವಿನ ಕುಂಡಗಳ ಅಂಗಡಿಗೆ ನುಗ್ಗಿಸಿದ. ಯಾರಿಗೂ ಗಾಯವಾಗಲಿಲ್ಲ, ಕುಂಡಗಳಿಗೆ ಮಾತ್ರ ಆಯಿತು. ಮರುವಾರವೇ ಕೇಂದ್ರ ಕಚೇರಿಯಿಂದ ಒಂದು ಪೆಟ್ಟಿಗೆ ವಾಚುಗಳೂ ಒಂದು ಸುತ್ತೋಲೆಯೂ ಬಂದವು. ಬೆಳಗಿನ ಪಾಳಿಯ ನಲವತ್ತಾರು ಚಾಲಕರೂ ನಾಲ್ಕು ವಾರ ಮಲಗುವಾಗ ಆ ವಾಚು ಕಟ್ಟಿಕೊಳ್ಳಬೇಕು. ಅದು ನಿದ್ದೆ ಅಳೆದು ಫೋನಿಗೆ ಕಳಿಸುತ್ತದೆ. ಭಾನುವಾರದಿಂದ ಶನಿವಾರದವರೆಗೆ ಏಳು ಕಂಬಗಳ ಚಿತ್ರ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ಡಿಪೋದ ಆರೋಗ್ಯ ಕೊಠಡಿಗೆ ವಾರಕ್ಕೊಮ್ಮೆ ಕೊಡಬೇಕು. ಅಲ್ಲಿ ಮೂರು ಸಂಗತಿ ನೋಡುತ್ತಾರೆ. ದಿನದ ಸರಾಸರಿ ನಿದ್ದೆ ಏಳು ಗಂಟೆಗೆ ಕಡಿಮೆ ಇರಬಾರದು. ಕೆಲಸದ ದಿನದ ಸರಾಸರಿಗೂ ರಜೆಯ ದಿನದ ಸರಾಸರಿಗೂ ಎರಡು ಗಂಟೆಗಿಂತ ಹೆಚ್ಚು ಅಂತರ ಇರಬಾರದು. ಮಲಗುವ, ಏಳುವ ಹೊತ್ತು ದಿನದಿಂದ ದಿನಕ್ಕೆ ತೀರಾ ಆಚೀಚೆ ಆಗಬಾರದು. ಮೊದಲೆರಡರಲ್ಲಿ ಯಾವುದು ತಪ್ಪಿದರೂ ಬೆಳಗಿನ ಪಾಳಿ ಕೈಬಿಟ್ಟಂತೆ. ಮೂರನೆಯದು ತಪ್ಪಿದರೆ ಬುದ್ಧಿಮಾತು.

ಕೋಳಿಯಕ್ಕ ಸುತ್ತೋಲೆ ಓದಿ ನಕ್ಕಳು. ಆದರೂ ಆ ರಾತ್ರಿಯೇ ವಾಚು ಕಟ್ಟಿಕೊಂಡು ಮಲಗಿದಳು.

ಮನೆಯಲ್ಲಿ ಅವಳ ಅತ್ತೆಗೆ ಆ ವಾಚಿನ ಮೇಲೆ ಮೊದಲ ದಿನದಿಂದಲೇ ಗುಮಾನಿ. ಅತ್ತೆಗೆ ಎಪ್ಪತ್ತೆಂಟು, ಕಿವಿ ತುಸು ಮಂದ, ನಾಲಿಗೆ ಚುರುಕು.

"ಅದಕ್ಕೆ ಕಣ್ಣಿದೆಯೇನೇ? ನೀನು ಮಲಗಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಕೈ ಅಲ್ಲಾಡಲ್ಲ, ನಾಡಿ ನಿಧಾನ ಆಗುತ್ತೆ. ಅದನ್ನು ನೋಡಿ ಊಹೆ ಮಾಡುತ್ತೆ ಅತ್ತೆ."

"ನಿನ್ನ ಗಂಡನ ಕೈಗೆ ಹಗಲು ಹೊತ್ತು ಕಟ್ಟು. ಅಂಗಡೀಲಿ ಕೂತವನು ಏನ್ ಮಾಡ್ತಾನೆ ಅಂತ ನನಗೂ ಗೊತ್ತಾಗ್ಲಿ."

ಗಂಡ ದರ್ಜಿ. ಮನೆಯ ಮುಂಭಾಗವೇ ಅಂಗಡಿ. ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆ ತುಂಬ ನೇತಾಡುವ ಅರೆಹೊಲಿದ ಅಂಗಿಗಳು. ತಾಯಿಯ ಮಾತಿಗೆ ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆಯೇ ನಕ್ಕ. ಅದು ಅವನಿಗೆ ರೂಢಿ.

ಡಿಪೋದ ಆರೋಗ್ಯ ಕೊಠಡಿ ಎಂದರೆ ಟಿಕೆಟ್ ಲೆಕ್ಕದ ಕೊಠಡಿಯ ಪಕ್ಕದ ಕಿರುಗೂಡು. ತೂಕದ ಯಂತ್ರ, ರಕ್ತದೊತ್ತಡದ ಪಟ್ಟಿ, ಹಳೆಯ ಕಂಪ್ಯೂಟರು, ಅದರ ಮುಂದೆ ಸಿಸ್ಟರು. ಸಿಸ್ಟರಿಗೆ ನಿವೃತ್ತಿಗೆ ಎರಡು ವರ್ಷ. ಡಿಪೋದ ಅರ್ಧ ಜನರ ಗಾಯಕ್ಕೆ ಹೊಲಿಗೆ ಹಾಕಿದವರು, ಇನ್ನರ್ಧ ಜನರ ಸುಳ್ಳು ಹೊಟ್ಟೆನೋವು ಹಿಡಿದವರು. ಈ ವಾಚಿನ ವಿಷಯದಲ್ಲೂ ಅವರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಒಬ್ಬ ಚಾಲಕ ವಾಚನ್ನು ತನ್ನ ಮಾವನ ಕೈಗೆ ಕಟ್ಟಿ ಹನ್ನೊಂದು ಗಂಟೆ ನಿದ್ದೆಯ ಚಿತ್ರ ತಂದಿದ್ದ.

"ರಾತ್ರಿ ನಾಲ್ಕು ಸಲ ಎದ್ದಿದ್ದೀರಿ. ಮೂತ್ರದ ತೊಂದರೆ ಇದೆಯೇನ್ರೀ?" ಎಂದು ಸಿಸ್ಟರು ಕೇಳಿದರು.

"ಇಲ್ಲ ಸಿಸ್ಟರ್!"

"ಹಾಗಾದ್ರೆ ನಿಮ್ಮ ಮಾವನಿಗಿರಬೇಕು. ಅವರನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ಎರಡನೆಯ ವಾರ ಕೋಳಿಯಕ್ಕನ ಚಿತ್ರದಲ್ಲಿ ಶುಕ್ರವಾರದ ಕಂಬವೇ ಇರಲಿಲ್ಲ. ವಾಚು ಚಾರ್ಜಿಗೆ ಹಾಕಿದ್ದಳು, ಕಟ್ಟಿಕೊಳ್ಳಲು ಮರೆತಿದ್ದಳು. ಪಕ್ಕದ ಕೊಠಡಿಯ ಗುಮಾಸ್ತ ಇಣುಕಿ, ಸೊನ್ನೆ ಹಾಕಿ ಏಳರಿಂದ ಭಾಗಿಸಿಬಿಡಿ ಎಂದ. ಸಿಸ್ಟರು ಅವನತ್ತ ಕನ್ನಡಕದ ಮೇಲಿಂದ ನೋಡಿದರು.

"ವಾಚು ಮೇಜಿನ ಮೇಲಿತ್ತು ಅಂದ್ರೆ ಅವಳು ರಾತ್ರಿಯೆಲ್ಲ ಎದ್ದಿದ್ದಳು ಅಂತ ಅರ್ಥವೇನಪ್ಪಾ? ಗೊತ್ತಿಲ್ಲದ್ದು ಬೇರೆ, ಸೊನ್ನೆ ಬೇರೆ. ಆರು ದಿನ ಇದೆ, ಆರರಿಂದ ಭಾಗಿಸ್ತೀನಿ. ಖಾಲಿ ಇತ್ತು ಅಂತ ಪಕ್ಕದಲ್ಲಿ ಬರೀತೀನಿ."

ನಾಲ್ಕು ವಾರ ಮುಗಿದ ಮೇಲೆ ಫಲಿತಾಂಶದ ದಿನ ಬಂತು. ಮಧ್ಯಾಹ್ನ ಒಂದೂವರೆಗೆ ಬಸ್ಸು ಒಪ್ಪಿಸಿ ಕೋಳಿಯಕ್ಕ ಆ ಕಿರುಗೂಡಿಗೆ ಹೋದಳು. ಜೊತೆಗೆ ಅವಳ ಕಂಡಕ್ಟರೂ ಬಂದ. ಏಳು ವರ್ಷದಿಂದ ಅದೇ ಬಸ್ಸಿನಲ್ಲಿರುವವನು, ಅವಳನ್ನು ಬಾಯಿತುಂಬ ಅಕ್ಕ ಎನ್ನುವವನು. ಸಿಸ್ಟರು ಕಂಪ್ಯೂಟರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಕೇಂದ್ರ ಕಚೇರಿ ಕಳಿಸಿದ ಹಾಳೆ ಅದು. ಅಂಕಿ ತುಂಬಿಸಿದರೆ ಸಾಕು, ಲೆಕ್ಕ ತಾನೇ ಆಗುತ್ತದೆ.

"ಕೊನೇ ವಾರ ನೋಡು. ಸರಾಸರಿ ಏಳು ಗಂಟೆ ನಾಲ್ಕು ನಿಮಿಷ. ಪಾಸು. ವಾರದ ದಿನ ಏಳು ಗಂಟೆ ಇಪ್ಪತ್ತೈದು. ವಾರಾಂತ್ಯ ಆರು ಗಂಟೆ ಹನ್ನೆರಡು. ಅಂತರ ಒಂದು ಗಂಟೆ ಚಿಲ್ಲರೆ. ಪಾಸು. ಬೇರೆ ವಾರಗಳೂ ಹೆಚ್ಚುಕಮ್ಮಿ ಹೀಗೇ ಇವೆ."

ಕೋಳಿಯಕ್ಕ ಹಾಳೆಯತ್ತ ಕೈ ಚಾಚಿದಳು.

"ಆದ್ರೆ ಒಂದು ಮಾತು," ಎಂದರು ಸಿಸ್ಟರು. "ಶನಿವಾರ ಭಾನುವಾರ ಏನು ಮಾಡ್ತೀಯ ನೀನು? ಊರೆಲ್ಲ ವಾರಾಂತ್ಯ ಜಾಸ್ತಿ ಮಲಗುತ್ತೆ, ನೀನು ಕಡಿಮೆ ಮಲಗ್ತೀಯ. ಇನ್ನೊಂದು, ನೀನು ಏಳೋ ಹೊತ್ತಿನ ಸಾಲು ಕುಣೀತಾ ಇದೆ. ಒಂದಿನ ಮೂರೂ ಮುಕ್ಕಾಲು, ಒಂದಿನ ಒಂಬತ್ತೂವರೆ. ಸರಾಸರಿ ಚೆನ್ನಾಗಿದ್ದೂ ಇದು ಇಷ್ಟು ಕುಣಿಯೋದು ನನಗೆ ಯಾಕೋ ಸರಿ ಕಾಣ್ತಿಲ್ಲ. ಇರಲಿ, ಇನ್ನೂ ಮೂವತ್ತು ಜನರದು ನೋಡಬೇಕು. ಹಾಳೆ ತಗೊಂಡು ಹೋಗು. ನಾಳೆ ಸಹಿ ಮಾಡಿ ಕೊಡು."

ಹೊರಗೆ ಬಂದ ಕೂಡಲೆ ಕಂಡಕ್ಟರ್ ಸೀಟಿ ಊದಿದ. "ಗೆದ್ವಿ ಅಕ್ಕ! ಬಸ್ಸು ನಮ್ದೇ!"

ಕೋಳಿಯಕ್ಕ ಹಾಳೆಯನ್ನು ಮನೆಗೆ ತಂದು ದರ್ಜಿಯ ಮೇಜಿನ ಮೇಲೆ ಹರಡಿದಳು. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿದರು. ಏಳು ಮನೆಗಳಲ್ಲಿ ಐದು ಬಿಳಿ, ಮೊದಲನೆಯದೂ ಕೊನೆಯದೂ ಹಸಿರು.

"ಇದೇನೇ ಹಸಿರು?"

"ರಜೆ ದಿನ ಅತ್ತೆ. ಶನಿವಾರ, ಭಾನುವಾರ."

"ಯಾರಿಗೆ ರಜೆ?"

"ನನಗೆ," ಎಂದಳು ಕೋಳಿಯಕ್ಕ. ಹೇಳಿದವಳೇ ಬಾಯಿ ಮುಚ್ಚಿಕೊಂಡಳು.

ಅತ್ತೆ ಕನ್ನಡಕ ತೆಗೆದರು. "ನಾನು ಈ ಮನೇಲಿ ಕುರುಡಿಯೇನೇ? ನಿನಗೆ ರಜೆ ಮಂಗಳವಾರ, ಬುಧವಾರ. ಮಂಗಳವಾರ ಬೆಳಿಗ್ಗೆ ನಿನ್ನ ಗೊರಕೆಗೆ ನನಗೆ ಕಿವಿ ಕೇಳಿಸೋಕೆ ಶುರುವಾಗುತ್ತೆ. ಒಂಬತ್ತೂವರೆ ಆಗೋವರೆಗೆ ಈ ಮನೇಲಿ ಪಾತ್ರೆ ಮುಟ್ಟೋ ಹಾಗಿಲ್ಲ. ಶನಿವಾರ ನೀನು ಎಂದಾದ್ರೂ ಮನೇಲಿ ಇದ್ದದ್ದುಂಟೇನೇ?"

ಸುತ್ತೋಲೆ ಬರೆದವರ ತಪ್ಪು ಅಲ್ಲಿತ್ತು. ಕೇಂದ್ರ ಕಚೇರಿಯವರಿಗೆ ಶನಿವಾರ ಭಾನುವಾರ ರಜೆ. ಹಾಳೆ ಮಾಡಿದವನು ತನ್ನ ರಜೆಯನ್ನೇ ಜಗತ್ತಿನ ರಜೆ ಎಂದುಕೊಂಡ. ಬಸ್ಸು ನಡೆಸುವವರಿಗೆ ವಾರ ಎಲ್ಲೆಂದರಲ್ಲಿ ಮುಗಿಯುತ್ತದೆ. ನಲವತ್ತಾರು ಜನಕ್ಕೆ ನಲವತ್ತಾರು ವಾರಾಂತ್ಯ. ಕೋಳಿಯಕ್ಕನ ಎರಡು ಉದ್ದನೆಯ ಕಂಬಗಳು ಮಂಗಳವಾರ, ಬುಧವಾರದಲ್ಲಿ ನಿಂತು ವಾರದ ದಿನಗಳ ಸರಾಸರಿಯನ್ನು ಎತ್ತಿ ಹಿಡಿದಿದ್ದವು. ಅವಳ ಕೆಲಸದ ಶನಿವಾರ, ಭಾನುವಾರ ಹಸಿರು ಬಣ್ಣ ಬಳಿದುಕೊಂಡು ರಜೆಯ ವೇಷ ಹಾಕಿದ್ದವು.

"ಸರಿಯಾಗಿ ಹಾಕಿದ್ರೆ ಎಷ್ಟಾಗುತ್ತೆ ನೋಡೋಣ," ಎಂದ ದರ್ಜಿ. ಕ್ಯಾಲ್ಕ್ಯುಲೇಟರ್ ತೆಗೆದು ಟಕಟಕ ಒತ್ತಿದ. ಆರು ಗಂಟೆ ಹತ್ತು ನಿಮಿಷಕ್ಕೆ ಆರು ಪಾಯಿಂಟ್ ಹತ್ತು, ಒಂಬತ್ತು ಗಂಟೆ ನಲವತ್ತಕ್ಕೆ ಒಂಬತ್ತು ಪಾಯಿಂಟ್ ನಲವತ್ತು. ಹೀಗೆ ಏಳನ್ನೂ ಕೂಡಿಸಿ ಏಳರಿಂದ ಭಾಗಿಸಿದ. "ಮೊದಲು ಒಟ್ಟು ಸರಾಸರಿ. ಆರು ಗಂಟೆ ತೊಂಬತ್ತೆರಡು ನಿಮಿಷ."

"ತೊಂಬತ್ತೆರಡು ನಿಮಿಷ ಯಾವ ಗಡಿಯಾರದಲ್ಲಿ ಇದೆ ರೀ?"

"ಯಂತ್ರ ಹೇಳ್ತಿದೆ, ನಾನಲ್ಲ."

"ಗಂಟೆಗೆ ಅರವತ್ತು ನಿಮಿಷ, ನೂರಲ್ಲ. ಎಲ್ಲಾನೂ ನಿಮಿಷ ಮಾಡಿ ಕೂಡಿಸಬೇಕು. ಕೊಡಿ ಇಲ್ಲಿ ಸೀಮೆಸುಣ್ಣ."

ಅವಳು ಕತ್ತರಿಸಲು ಹರಡಿದ್ದ ಕಪ್ಪು ಬಟ್ಟೆಯ ಅಂಚಿನ ಮೇಲೆಯೇ ಬರೆದಳು. ದರ್ಜಿ ಬಟ್ಟೆಯ ಉಳಿದ ಭಾಗವನ್ನು ತನ್ನತ್ತ ಎಳೆದುಕೊಂಡ. ಕೆಲಸದ ದಿನಗಳು ಐದು. ಭಾನುವಾರ ಆರು ಗಂಟೆ ಹತ್ತು, ಸೋಮವಾರ ಆರೂ ಇಪ್ಪತ್ತು, ಗುರುವಾರ ಐದು ಗಂಟೆ, ಶುಕ್ರವಾರ ಶನಿವಾರ ಆರೂಕಾಲು. ಒಟ್ಟು ಸಾವಿರದ ಎಂಟುನೂರು ನಿಮಿಷ. ಐದರಿಂದ ಭಾಗಿಸಿದರೆ ಮುನ್ನೂರ ಅರವತ್ತು, ಸರಿಯಾಗಿ ಆರು ಗಂಟೆ. ರಜೆ ಎರಡು ದಿನ. ಮಂಗಳವಾರ ಒಂಬತ್ತು ಗಂಟೆ ನಲವತ್ತು, ಬುಧವಾರ ಒಂಬತ್ತೂ ಐವತ್ತು. ಸರಾಸರಿ ಒಂಬತ್ತೂ ಮುಕ್ಕಾಲು. ಅಂತರ ಮೂರೂ ಮುಕ್ಕಾಲು ಗಂಟೆ. ಒಟ್ಟು ಸರಾಸರಿ ಮಾತ್ರ ಸಿಸ್ಟರು ಹೇಳಿದ ಏಳು ಗಂಟೆ ನಾಲ್ಕು ನಿಮಿಷವೇ. ಅದರಲ್ಲಿ ಸುಳ್ಳಿಲ್ಲ. ಆದರೆ ಏಳು ಗಂಟೆ ನಾಲ್ಕು ನಿಮಿಷ ಅವಳು ಒಂದು ದಿನವೂ ಮಲಗಿರಲಿಲ್ಲ.

ಎರಡು ಗಂಟೆ ಮಿತಿ. ಅವಳದು ಹೆಚ್ಚುಕಡಿಮೆ ಅದರ ಎರಡರಷ್ಟು.

"ಯಾರೂ ನೋಡಿಲ್ಲ ತಾನೇ?" ಎಂದ ದರ್ಜಿ ಮೆಲ್ಲಗೆ. "ಸಿಸ್ಟರೇ ಪಾಸು ಅಂದಿದ್ದಾರೆ."

ಕೋಳಿಯಕ್ಕ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಅವಳ ಕಣ್ಣು ಗುರುವಾರದ ಮೇಲಿತ್ತು. ಐದು ಗಂಟೆ. ಬೇರೆ ಮೂರು ವಾರದ ಚಿತ್ರಗಳನ್ನೂ ಫೋನಿನಲ್ಲಿ ಒಂದೊಂದಾಗಿ ತೆರೆದು ನೋಡಿದಳು. ಎಲ್ಲ ವಾರವೂ ಕುಳ್ಳ ಕಂಬ ಗುರುವಾರದ್ದೇ. ಬುಧವಾರ ಒಂಬತ್ತೂವರೆಗೆ ಎದ್ದವಳಿಗೆ ಅಂದು ಬೇಗ ನಿದ್ದೆ ಹತ್ತುವುದಾದರೂ ಹೇಗೆ? ಹೊರಳಾಡಿ ಹೊರಳಾಡಿ ಕಣ್ಣು ಮುಚ್ಚುವಷ್ಟರಲ್ಲಿ ಹನ್ನೊಂದರ ಹತ್ತಿರ, ಮೂರೂ ಮುಕ್ಕಾಲಿಗೆ ಅಲಾರಂ. ಆ ತಿಂಗಳಲ್ಲಿ ಅವಳು ಎರಡು ಸಲ ಬೇಕರಿಯ ನಿಲ್ದಾಣ ದಾಟಿ ಮುಂದೆ ಹೋಗಿದ್ದಳು. ಒಲೆಯ ಮನುಷ್ಯ ಬಸ್ಸಿನ ಪಕ್ಕೆಗೆ ಬಡಿಯುತ್ತ ಹಿಂದೆ ಓಡಿಬಂದಿದ್ದ. ಅವಳು ಅದನ್ನು ಮರೆವು ಅಂದುಕೊಂಡಿದ್ದಳು. ಕಂಡಕ್ಟರಿಗೆ ಫೋನು ಮಾಡಿದಳು.

"ತಮ್ಮಾ, ಆ ದಪ್ಪಣ್ಣ ಬಸ್ಸಿನ ಹಿಂದೆ ಓಡಿದ್ದು ಯಾವ ವಾರ?"

"ಎರಡೂ ಸಲ ಗುರುವಾರ ಅಕ್ಕ. ರಜೆ ಮುಗಿಸಿ ಬಂದ ದಿನ. ನಾನೂ ಅರೆನಿದ್ದೆಯಲ್ಲೇ ಇದ್ದೆ, ಅದಕ್ಕೆ ಸೀಟಿ ಹೊಡೀಲಿಲ್ಲ. ಯಾಕೆ?"

"ಏನಿಲ್ಲ. ಫೋನಿಡು."

ಮರುದಿನ ಅವಳು ಹಾಳೆಯನ್ನು ಸಹಿ ಮಾಡದೆ ಸಿಸ್ಟರ ಮುಂದಿಟ್ಟಳು. "ಈ ಹಸಿರು ತಪ್ಪು ಸಿಸ್ಟರ್. ನನ್ನ ರಜೆ ಮಂಗಳವಾರ ಬುಧವಾರ. ಡ್ಯೂಟಿ ಚಾರ್ಟ್ ನೋಡಿ."

ಸಿಸ್ಟರು ಡ್ಯೂಟಿ ಚಾರ್ಟ್ ನೋಡಲಿಲ್ಲ. ಕುಣಿಯುತ್ತಿದ್ದ ಸಾಲನ್ನೇ ಮತ್ತೊಮ್ಮೆ ನೋಡಿ ಹಣೆಗೆ ಕೈ ಹೊಡೆದುಕೊಂಡರು. "ಅದೇ! ಅದಕ್ಕೇ ಅದು ಕುಣೀತಿತ್ತು! ಮೂವತ್ತೈದು ವರ್ಷ ನಿಮ್ಮ ಜೊತೇಲಿ ಇದ್ದೂ ಆ ಕಚೇರಿಯವನ ಹಾಳೆ ನಂಬಿದೆನಲ್ಲ." ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದರು. "ಇದನ್ನು ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು."

"ಮೂರೂ ಮುಕ್ಕಾಲು ಅಂತರ ಕಣಮ್ಮ. ಮೊದಲ ಬಸ್ಸು ಹೋಗುತ್ತೆ."

"ದಪ್ಪಣ್ಣನನ್ನು ಬಿಟ್ಟು ಹೋಗೋ ಮೊದಲ ಬಸ್ಸು ಇಟ್ಕೊಂಡು ಏನ್ ಮಾಡ್ಲಿ?"

ನಲವತ್ತಾರು ಜನರ ಲೆಕ್ಕವನ್ನೂ ಮತ್ತೆ ಹಾಕಬೇಕಾಯಿತು. ಈ ಸಲ ಸಿಸ್ಟರು ಪ್ರತಿಯೊಬ್ಬರ ಡ್ಯೂಟಿ ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಬಣ್ಣ ಬಳಿದರು. ಪಾಸಾಗಿದ್ದ ಒಂಬತ್ತು ಜನ ಉರುಳಿದರು, ಉರುಳಿದ್ದ ನಾಲ್ವರು ಎದ್ದರು. ಎದ್ದವರು ಕೋಳಿಯಕ್ಕನಿಗೆ ಚಹಾ ಕೊಡಿಸಿದರು. ಉರುಳಿದವರು ಒಂದು ವಾರ ಅವಳತ್ತ ಮುಖ ತಿರುಗಿಸಲಿಲ್ಲ. ಅವರಲ್ಲೊಬ್ಬ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ: "ಈ ಕೋಳಿ ತಾನು ಎದ್ದಿದ್ದಲ್ದೆ ನಮ್ಮನ್ನೂ ಎಬ್ಬಿಸ್ತು." ಕೋಳಿಯಕ್ಕ ಲೋಟ ಕೆಳಗಿಟ್ಟು, "ಎಬ್ಬಿಸಿದ್ದಕ್ಕೆ ಎದ್ದೇಳಬೇಕಪ್ಪಾ, ಹೊದಿಕೆ ಎಳ್ಕೊಂಡು ಬೈಯಬಾರದು" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಡಿಪೋ ಮ್ಯಾನೇಜರ ತೀರ್ಮಾನ ಹೀಗಾಯಿತು. ಕೋಳಿಯಕ್ಕನಿಗೆ ಆರು ವಾರ ಒಂಬತ್ತು ಗಂಟೆಯ ಬಸ್ಸು. ಆದರೆ ಮನೆಯಲ್ಲಿ ಮೊದಲ ಬಸ್ಸಿನ ಹೊತ್ತಿಗೇ ಏಳಬೇಕು. ಹಾಗೆ ಎದ್ದೂ ಅಂತರ ಎರಡು ಗಂಟೆಯೊಳಗೆ ಬಂದರೆ ಬಸ್ಸು ವಾಪಸು.

ಕಂಡಕ್ಟರ್ ಅವಳ ಹಿಂದೆಯೇ ಬಂದ. "ಅಕ್ಕ, ವಾಚು ಮಂಗಳವಾರ ಬುಧವಾರ ನನ್ನ ಹೆಂಡತಿ ಕಟ್ಕೊಳ್ತಾಳೆ. ಅವಳು ಐದಕ್ಕೇ ಎದ್ದೇಳ್ತಾಳೆ. ನೀನು ಆರಾಮಾಗಿ ಮಲಗು."

"ನಿನ್ನ ಹೆಂಡ್ತಿ ನಿದ್ದೆ ಮಾಡಿ ನನ್ನ ಗುರುವಾರಕ್ಕೆ ಏನು ಉಪಯೋಗ ತಮ್ಮಾ?"

ಮುಂದಿನ ಆರು ವಾರ ಆ ಮನೆ ತಲೆಕೆಳಗಾಯಿತು. ಸಿಸ್ಟರು ಹೇಳಿದ್ದು ಎರಡೇ ಮಾತು. ಕೆಲಸದ ದಿನ ಬೇಗ ಮಲಗು, ರಜೆಯ ದಿನ ಬೇಗ ಏಳು. ಒಂದೇ ಸಲ ಎಳೆಯಬೇಡ, ವಾರಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹೇಳುವುದು ಸುಲಭ. ಒಂಬತ್ತಕ್ಕೆ ಉಣ್ಣುತ್ತಿದ್ದ ಮನೆ ಏಳಕ್ಕೆ ಉಣ್ಣಬೇಕಾಯಿತು. ಅತ್ತೆ ತಮ್ಮ ಧಾರಾವಾಹಿಯ ದನಿ ತಗ್ಗಿಸಿದರು. ಆಮೇಲೆ ಏನೂ ಕೇಳದೆ ಬರೀ ಬಾಯಿ ಅಲ್ಲಾಡುವುದನ್ನು ನೋಡಿ, ಯಾರು ಕೆಟ್ಟವರೋ ಯಾರು ಒಳ್ಳೆಯವರೋ ತಾವೇ ಊಹಿಸಿಕೊಂಡರು. "ಹೀಗೇ ಚೆನ್ನಾಗಿದೆ," ಎಂದರು. ದರ್ಜಿ ಸಂಜೆಯ ಹೊಲಿಗೆ ಬಿಟ್ಟು ಕೈಹೊಲಿಗೆ ಹಿಡಿದ, ಯಂತ್ರದ ಸದ್ದು ಗೋಡೆ ದಾಟಬಾರದೆಂದು. ಮೊದಲ ಮಂಗಳವಾರ ಎಂಟೂವರೆಗೆ ಎದ್ದ ಕೋಳಿಯಕ್ಕ ಇಡೀ ದಿನ ಎಲ್ಲರ ಮೇಲೂ ಸಿಡುಕಿದಳು. ಮೂರನೆಯ ಮಂಗಳವಾರ ಏಳಕ್ಕೆ ಎದ್ದು ಅಂಗಳ ಗುಡಿಸಿದಳು. ಐದನೆಯ ಮಂಗಳವಾರ ಐದೂವರೆಗೆ ಅವಳಿಗೆ ತಾನಾಗಿಯೇ ಎಚ್ಚರವಾಯಿತು, ಅಲಾರಂ ಇಲ್ಲದೆ. ಎದ್ದವಳು ಸುಮ್ಮನೆ ಕೂತು ಕಿಟಕಿಯಾಚೆ ಬೆಳಕು ಹರಿಯುವುದನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಬೆಳಕು ಹರಿಯುವುದನ್ನು ಅವಳು ನೋಡಿದ್ದು ಬಸ್ಸಿನ ಗಾಜಿನೊಳಗಿಂದ ಮಾತ್ರ.

ಆರನೆಯ ವಾರದ ಸ್ಕ್ರೀನ್‌ಶಾಟ್ ಬಂದ ದಿನ ಅವಳು ಮತ್ತೆ ಆ ಮೇಜಿನ ಮುಂದೆ ಕೂತಳು. ಈ ಸಲ ದರ್ಜಿ ಮೊದಲೇ ಒಂದು ಚಿಂದಿ ಬಟ್ಟೆ ಕೊಟ್ಟ. ಕೆಲಸದ ಐದು ದಿನ ಒಟ್ಟು ಮೂವತ್ತೈದು ಗಂಟೆ, ಸರಾಸರಿ ಏಳು. ಗುರುವಾರವೇ ಆರೂ ಐವತ್ತಕ್ಕೆ ಏರಿತ್ತು. ರಜೆಯ ಎರಡು ದಿನ ಎಂಟು ಗಂಟೆ, ಎಂಟೂ ಇಪ್ಪತ್ತು. ಸರಾಸರಿ ಎಂಟೂ ಹತ್ತು. ಅಂತರ ಒಂದು ಗಂಟೆ ಹತ್ತು ನಿಮಿಷ. ಏಳುವ ಹೊತ್ತಿನ ಸಾಲು ಮೂರೂ ಮುಕ್ಕಾಲಿಗೂ ಐದೂವರೆಗೂ ನಡುವೆ ತೆಪ್ಪಗೆ ಕೂತಿತ್ತು. ವಾರದ ಒಟ್ಟು ಸರಾಸರಿ ಏಳು ಗಂಟೆ ಇಪ್ಪತ್ತು. ಮೊದಲಿನದಕ್ಕಿಂತ ಬರೀ ಹದಿನಾರು ನಿಮಿಷ ಹೆಚ್ಚು. ಅದೊಂದೇ ಅಂಕಿ ನೋಡಿದವರಿಗೆ ಈ ಮನೆಯಲ್ಲಿ ಏನೂ ಆಗಿಲ್ಲ ಎಂದೇ ಕಾಣುತ್ತಿತ್ತು.

ಸಿಸ್ಟರು ಚಿಂದಿಯ ಮೇಲಿನ ಸೀಮೆಸುಣ್ಣದ ಲೆಕ್ಕವನ್ನು ಬೆಳಕಿಗೆ ಹಿಡಿದು ಓದಿದರು. ಫೋನಿನ ಚಿತ್ರದ ಜೊತೆ ತಾಳೆ ನೋಡಿದರು. ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದು ಸಹಿ ಹಾಕಿದರು. "ಭಾನುವಾರದಿಂದ ಮೊದಲ ಬಸ್ಸು ನಿನ್ನದು."

ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ ಕಂಡಕ್ಟರ್ ಸೀಟಿ ಊದಿದ. ಟಿಕೆಟ್ ಲೆಕ್ಕದ ಕೊಠಡಿಯಿಂದ ಗುಮಾಸ್ತ "ಇದೇನು ಬಸ್ ನಿಲ್ದಾಣವೇನ್ರೀ!" ಎಂದು ಕೂಗಿದ.

ಸಿಸ್ಟರು ಚಿಂದಿಯನ್ನು ಮಡಚಿ ವಾಪಸು ಕೊಟ್ಟರು. "ಇನ್ನೂ ಆರು ತಿಂಗಳು ಪ್ರತಿ ವಾರ ನೋಡಬೇಕಂತೆ. ನೀನು ಯಾಕೆ ಈ ಕಷ್ಟ ಪಡ್ತೀಯ? ಕಚೇರಿಯವರು ಹೊಸ ಹಾಳೆ ಕಳಿಸಿದ್ದಾರೆ. ಚಿತ್ರ ನನಗೆ ಕಳಿಸಿಬಿಡು, ಲೆಕ್ಕ ನಾನು ಹಾಕಿಸ್ತೀನಿ."

ಕೋಳಿಯಕ್ಕ ಚಿಂದಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡಳು.

"ಚಿತ್ರ ಕಳಿಸ್ತೀನಿ ಸಿಸ್ಟರ್, ಲೆಕ್ಕ ಬೇಡ. ಅದನ್ನು ನಾನೇ ಹಾಕ್ಕೊಳ್ತೀನಿ. ನಿಮ್ಮ ಹಾಳೆಗೆ ನನ್ನ ಮಂಗಳವಾರ ಗೊತ್ತಿಲ್ಲ."